420 ರೂಪಾಯಿಯ ಐಟಿಸಿ ಷೇರಿನ ಬೆಲೆಯೊಳಗೆ ಎಷ್ಟು ಬೆಳವಣಿಗೆ ಅಡಗಿದೆ? ಗಾರ್ಡನ್ ಮಾಡೆಲ್ ತಿರುಗಿಸಿದಾಗ ಬಂದ ಗೊಂದಲ

ಪಲ್ಲವಿ_ಸಿಎ_ಇಂಟರ್

ಎಲ್ಲರಿಗೂ ನಮಸ್ಕಾರ. ಗಾರ್ಡನ್ ಮಾಡೆಲ್ ಪುಸ್ತಕದಲ್ಲಿ ಸಲೀಸಾಗಿದೆ. ಮುಂದಿನ ವರ್ಷದ ಡಿವಿಡೆಂಡ್ ಕೊಟ್ಟಿರುತ್ತಾರೆ, ನಮಗೆ ಬೇಕಾದ ರಿಟರ್ನ್ r ಕೊಟ್ಟಿರುತ್ತಾರೆ, ಡಿವಿಡೆಂಡ್ ಸದಾಕಾಲ ಬೆಳೆಯುವ ದರ g ಕೊಟ್ಟಿರುತ್ತಾರೆ, ಡಿವಿಡೆಂಡನ್ನು r - g ಯಿಂದ ಭಾಗಿಸಿ ಬೆಲೆ ಕಂಡುಹಿಡಿದರೆ ಮುಗೀತು. ನಾನು ಉಲ್ಟಾ ಮಾಡೋಣ ಅಂತ ಕೂತೆ. ಬೆಲೆ ಹೇಗೂ ಮಾರುಕಟ್ಟೆಯಲ್ಲಿ ಕಣ್ಣೆದುರಿಗೇ ಇದೆ, ಅದರಿಂದ g ತೆಗೆದರೆ ಮಾರುಕಟ್ಟೆ ಏನು ನಿರೀಕ್ಷೆ ಮಾಡ್ತಿದೆ ಅಂತ ಗೊತ್ತಾಗಬೇಕು ಅಲ್ವಾ?

ಐಟಿಸಿ ತಗೊಂಡೆ. 2024-25ಕ್ಕೆ ಮಧ್ಯಂತರ ಡಿವಿಡೆಂಡ್ 6.50, ಅಂತಿಮ 7.85, ಒಟ್ಟು 14.35 ರೂಪಾಯಿ. ಬೆಲೆಗೆ 2025ರ ಬೇಸಿಗೆ ಮುಗಿಯುವ ಹೊತ್ತಿನ 420ರ ಆಸುಪಾಸು ಅಂತ ಇಟ್ಟುಕೊಂಡೆ. ನನಗೆ 12% ರಿಟರ್ನ್ ಬೇಕು ಅಂದುಕೊಂಡೆ. 14.35ನ್ನು 420ರಿಂದ ಭಾಗಿಸಿದರೆ 3.42%. 12ರಿಂದ ಕಳೆದರೆ g = 8.58%. ನನ್ನ ಫ್ರೆಂಡ್ ಅದೇ ಲೆಕ್ಕ ಮಾಡಿ 8.30% ಅಂತಾಳೆ. ಇಬ್ಬರಲ್ಲಿ ಯಾರದ್ದು ಸರಿ? ಅದಕ್ಕಿಂತ ಮುಖ್ಯವಾಗಿ, ಈ ಸಂಖ್ಯೆ ಬಂದ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡಬೇಕು?

ದಾವಣಗೆರೆ_ಬೆಣ್ಣೆ

ಇಷ್ಟೆಲ್ಲಾ ಯಾಕೆ ತಲೆ ಕೆಡಿಸಿಕೊಳ್ತೀರಾ. g ಅಂದರೆ ಡಿವಿಡೆಂಡ್ ಬೆಳೆದ ವೇಗ. ಹಳೇ ಡಿವಿಡೆಂಡ್ ತಗೊಳ್ಳಿ, ಸಿಎಜಿಆರ್, ಅಂದರೆ ವರ್ಷಕ್ಕೆ ಸರಾಸರಿ ಎಷ್ಟು ಬೆಳೆಯಿತು ಅನ್ನುವ ಲೆಕ್ಕ ಹಾಕಿ, ಸಿಕ್ಕಿತು. ಐಟಿಸಿ 2018-19ರಲ್ಲಿ 5.75 ಕೊಟ್ಟಿತ್ತು, 2024-25ರಲ್ಲಿ 14.35. ಆರು ವರ್ಷ, ವರ್ಷಕ್ಕೆ 16.5% ಬೆಳವಣಿಗೆ. ಮಾರುಕಟ್ಟೆ ಬರೀ 8% ನಿರೀಕ್ಷೆ ಮಾಡ್ತಿದೆ, ಕಂಪನಿ 16% ಕೊಡ್ತಿದೆ. ಅಂದರೆ ಷೇರು ಸಿಕ್ಕಾಪಟ್ಟೆ ಅಗ್ಗ. ಕಣ್ಣು ಮುಚ್ಚಿ ತಗೊಳ್ಳಿ.

ಲೆಕ್ಕದ_ಮನೆ

ಪಲ್ಲವಿ, ನಿಮ್ಮ ಫ್ರೆಂಡ್ ಹೇಳಿದ್ದು ಸರಿ, 8.30%. ನೀವು ಈಗಾಗಲೇ ಕೈಗೆ ಬಂದ ಡಿವಿಡೆಂಡನ್ನು ಬೆಲೆಯಿಂದ ಭಾಗಿಸಿದ್ದೀರಿ. ಮಾಡೆಲ್ ಕೇಳುವುದು ಮುಂದಿನ ವರ್ಷ ಬರುವ ಡಿವಿಡೆಂಡ್. ಆದರೆ ಮುಂದಿನ ವರ್ಷದ್ದು ಎಷ್ಟು ಅಂತ ತಿಳಿಯಬೇಕಾದರೆ g ಬೇಕು, ನೀವು ಹುಡುಕುತ್ತಿರುವುದೂ g ಯನ್ನೇ. ಹಾಗಾಗಿ ಅದನ್ನು ಸಮೀಕರಣದ ಒಳಗೇ ಬಿಟ್ಟು ಬಿಡಿಸಬೇಕು. P0 ಇವತ್ತಿನ ಬೆಲೆ, D0 ಈಗಾಗಲೇ ಬಂದ ಡಿವಿಡೆಂಡ್, D1 ಮುಂದಿನ ವರ್ಷದ್ದು:

```
P0 * (r - g) = D0 * (1 + g)
g = (P0*r - D0) / (P0 + D0)
r = D0*(1 + g)/P0 + g
```

ನಿಮ್ಮ ಸಂಖ್ಯೆಗಳನ್ನು ಹಾಕಿ ನೋಡಿ. 420ರ 12% ಅಂದರೆ 50.40. ಅದರಲ್ಲಿ 14.35 ಕಳೆದರೆ 36.05. ಕೆಳಗೆ 420 ಮತ್ತು 14.35 ಸೇರಿ 434.35. ಭಾಗಿಸಿದರೆ 0.0830. ತಾಳೆ ನೋಡುವುದೂ ಸುಲಭ. 14.35ನ್ನು 8.3% ಏರಿಸಿದರೆ 15.54, ಅದನ್ನು 3.7%ರಿಂದ ಭಾಗಿಸಿದರೆ ಮತ್ತೆ 420 ಬರುತ್ತದೆ. ನಿಮ್ಮ 8.58 ಹಾಕಿ ಮಾಡಿದರೆ 456 ಬರುತ್ತದೆ. ಬೆಲೆ ವಾಪಸ್ ಬರಲಿಲ್ಲ ಅಂದರೆ ಎಲ್ಲೋ D0, D1 ಅದಲುಬದಲಾಗಿದೆ ಅಂತಲೇ ಅರ್ಥ.

ಬೆಣ್ಣೆ ಅವರೇ, ನಿಮ್ಮ 16.5% ಬಗ್ಗೆ ಒಂದು ಮಾತು. ಆ 5.75ರ ಪಕ್ಕದ ವರ್ಷ ನೋಡಿದ್ದೀರಾ? 2019-20ಕ್ಕೆ 10.15. ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ ದುಪ್ಪಟ್ಟು. ವ್ಯಾಪಾರ ದುಪ್ಪಟ್ಟಾಗಿ ಅಲ್ಲ. 2020ರ ಬಜೆಟ್‌ನಲ್ಲಿ ಕಂಪನಿ ಕಟ್ಟುತ್ತಿದ್ದ ಡಿವಿಡೆಂಡ್ ವಿತರಣಾ ತೆರಿಗೆ ಹೋಯಿತು, ತೆರಿಗೆ ಷೇರುದಾರರ ತಲೆಗೆ ಬಂತು. ಕಂಪನಿ ಲಾಭದಲ್ಲಿ ಹಂಚುವ ಪಾಲನ್ನೂ ಜಾಸ್ತಿ ಮಾಡಿ 80-85% ಹಂಚುತ್ತೇವೆ ಅಂದಿತು. ಅದು ಒಂದು ಸಲ ಆಗುವ ಜಿಗಿತ. ಲಾಭದ ನೂರಕ್ಕೆ ನೂರು ಹಂಚಿದ ಮೇಲೆ ಇನ್ನೆಲ್ಲಿ ಏರಿಸುತ್ತಾರೆ? ಹತ್ತು ರೂಪಾಯಿ ಹದಿನೈದು ಪೈಸೆಯಿಂದ ಶುರು ಮಾಡಿ ಐದು ವರ್ಷಕ್ಕೆ ಲೆಕ್ಕ ಹಾಕಿ, 7.2% ಬರುತ್ತದೆ.

ಇನ್ನೊಂದು, 16.5% ಶಾಶ್ವತ ಅಂತ 12% r ಜೊತೆ ಮಾಡೆಲ್‌ಗೆ ಹಾಕಿದರೆ ಕೆಳಗಿನ ಭಾಗ ಮೈನಸ್ ಆಗುತ್ತದೆ. ಷೇರಿನ ಬೆಲೆ ಮೈನಸ್ 370 ಚಿಲ್ಲರೆ. ಅಗ್ಗ ಅಂದಿರಿ, ಇಷ್ಟೊಂದು ಅಗ್ಗ ಅಂತ ಗೊತ್ತಿರಲಿಲ್ಲ 🙂

ಹುಬ್ಬಳ್ಳಿ_ಮಂದಿ

ಷೇರು ತಗೊಂಡರ ಅವರ 370 ಕೊಟ್ಟು ಕಳಸ್ತಾರ ಅಂದಂಗಾತು. ಎಲ್ಲಿ ಸಿಗತೈತಿ ಹೇಳ್ರಿ.

ನಿವೃತ್ತ_ಮೇಷ್ಟ್ರು

ನನ್ನ ಹತ್ತಿರ ಐಟಿಸಿ 600 ಷೇರು ಇವೆ. 14.35 ಅಂದರೆ ವರ್ಷಕ್ಕೆ 8,610 ರೂಪಾಯಿ. ನಾನು ಎಷ್ಟೋ ವರ್ಷದ ಹಿಂದೆ ತಗೊಂಡಿದ್ದು, ಸರಾಸರಿ 210 ರೂಪಾಯಿ ಬಿದ್ದಿದೆ. ಹಾಗಾದರೆ ನನಗೆ ಬರುತ್ತಿರುವುದು 6.8%. ಈ ಸೂತ್ರದಲ್ಲಿ ನಾನು 420ರ ಬದಲು 210 ಹಾಕಬೇಕಲ್ಲವೇ? ಹಾಕಿದರೆ g ಕೇವಲ 4.8% ಬರುತ್ತದೆ. ಅಂದರೆ ನನ್ನ ಷೇರು ನಿಧಾನ ಬೆಳೆಯುತ್ತದೆ, ಈಗ ಕೊಂಡವರದ್ದು ಬೇಗ ಬೆಳೆಯುತ್ತದೆ ಅಂತಲೇ? ಇದು ಸರಿ ಕಾಣುವುದಿಲ್ಲ.

ಲೆಕ್ಕದ_ಮನೆ

ಮೇಷ್ಟ್ರೇ, ಸರಿ ಕಾಣುವುದಿಲ್ಲ ಅಂತ ನಿಮಗೇ ಅನ್ನಿಸಿದೆಯಲ್ಲ, ಅದೇ ಉತ್ತರ. ನೀವು ಕೊಟ್ಟ 210 ನಿಮ್ಮ ಮತ್ತು ನಿಮ್ಮ ಡಿಮ್ಯಾಟ್ ಖಾತೆಯ ನಡುವಿನ ವಿಷಯ. ಮಾರುಕಟ್ಟೆ ಇವತ್ತು ಏನು ಅಂದುಕೊಂಡಿದೆ ಅಂತ ಕೇಳುವಾಗ ಇವತ್ತಿನ ಬೆಲೆಯೇ ಬೇಕು. ಇವತ್ತಿನ ಬೆಲೆ 420 ಅಂತ ಇಟ್ಟುಕೊಂಡರೆ, ಇವತ್ತು ಮಾರಿದರೆ ನಿಮಗೂ 420 ಸಿಗುತ್ತದೆ. ಮಾರದೆ ಇಟ್ಟುಕೊಂಡಿದ್ದೀರಿ ಅಂದರೆ 420 ಕೊಟ್ಟು ಇಟ್ಟುಕೊಂಡ ಹಾಗೇ.

ಇನ್ನೊಂದು, ಅಂತಿಮ ಡಿವಿಡೆಂಡ್‌ನ ರೆಕಾರ್ಡ್ ದಿನಕ್ಕೆ ಮುಂಚಿನ ಬೆಲೆ ತಗೊಂಡರೆ ಅದರಲ್ಲಿ ಆ 7.85 ಇನ್ನೂ ಸೇರಿರುತ್ತದೆ. ಅದನ್ನು ಕಳೆದು 412.15 ಅಂತ ಹಾಕಬೇಕು. g 8.30ರಿಂದ 8.23ಕ್ಕೆ ಇಳಿಯುತ್ತದೆ. ಹೆಚ್ಚು ವ್ಯತ್ಯಾಸ ಇಲ್ಲ, ಆದರೆ ಪಲ್ಲವಿ, ಪರೀಕ್ಷೆಯಲ್ಲಿ ಇದರ ಮೇಲೆ ಅಂಕ ಹೋಗುತ್ತದೆ.

ನಿವೃತ್ತ_ಮೇಷ್ಟ್ರು

ಅರ್ಥವಾಯಿತು. ಆದರೆ ತೆರಿಗೆಯ ಸಮಾಚಾರ ಯಾರೂ ಹೇಳಲಿಲ್ಲ. ನನ್ನಂಥವರಿಗೆ ಡಿವಿಡೆಂಡ್ ಪೂರ್ತಿ ಆದಾಯಕ್ಕೆ ಸೇರುತ್ತದೆ.

ಲೆಕ್ಕದ_ಮನೆ

ಸೇರುತ್ತದೆ. ಈ ಮಾಡೆಲ್‌ನಲ್ಲಿ r ತೆರಿಗೆಗೆ ಮುಂಚಿನದು ಅಂತ ಇಟ್ಟರೆ ಡಿವಿಡೆಂಡ್ ಕೂಡ ಮುಂಚಿನದೇ ಇಡಿ. ಒಂದು ಕಡೆ ಕಳೆದು ಇನ್ನೊಂದು ಕಡೆ ಬಿಟ್ಟರೆ ಲೆಕ್ಕ ಕೆಡುತ್ತದೆ. ಕೈಗೆ ಎಷ್ಟು ಬರುತ್ತದೆ ಅನ್ನುವುದು ಬೇರೆ ಲೆಕ್ಕ, ಅದನ್ನು ಇಲ್ಲಿ ಬೆರೆಸುವುದು ಬೇಡ.

ದಾವಣಗೆರೆ_ಬೆಣ್ಣೆ

ಸರಿ ಮೇಡಂ, 16.5 ಬಿಡಿ. 8.3ನ್ನೇ ಒಪ್ಪಿಕೊಳ್ಳೋಣ. ನಾನು ಒಂದು ಚೆಕ್ ಮಾಡಿದೆ. 8.3ನ್ನು ನಿಮ್ಮ ಮೂರನೇ ಸೂತ್ರಕ್ಕೆ ಹಾಕಿದೆ. 14.35ನ್ನು 1.083ರಿಂದ ಗುಣಿಸಿ 420ರಿಂದ ಭಾಗಿಸಿದರೆ 3.7, ಅದಕ್ಕೆ 8.3 ಸೇರಿಸಿದರೆ ಕರೆಕ್ಟಾಗಿ 12%. ಅಂದರೆ ಈ ಷೇರು 12% ಕೊಡುತ್ತದೆ ಅಂತ ಸಾಬೀತಾಯಿತಲ್ಲ? ಪಲ್ಲವಿಗೆ ಬೇಕಾಗಿದ್ದೂ 12. ಮತ್ತೇನು ಯೋಚನೆ?

ಜಯನಗರ_ನಾಲ್ಕನೇ_ಬ್ಲಾಕ್

ಬೆಣ್ಣೆ, ನೀವು 12 ಹಾಕಿ 8.3 ತೆಗೆದು, ಅದೇ 8.3 ಹಾಕಿ 12 ವಾಪಸ್ ತೆಗೆದಿರಿ. 20% ಬೇಕು ಅಂದಿದ್ದರೆ 16% ಚಿಲ್ಲರೆ g ಬರುತ್ತಿತ್ತು, ಅದನ್ನು ಹಾಕಿದರೆ 20 ವಾಪಸ್ ಬರುತ್ತಿತ್ತು. ಸಾಬೀತಾಗಿದ್ದು ನಿಮ್ಮ ಕ್ಯಾಲ್ಕುಲೇಟರ್ ಸರಿಯಾಗಿದೆ ಅಂತ ಅಷ್ಟೇ.

ಲೆಕ್ಕದ_ಮನೆ

ಈ ಇಡೀ ಚರ್ಚೆಯಲ್ಲಿ ಮುಖ್ಯವಾದದ್ದು ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬೆಲೆ ನಿಮಗೆ ಕೊಡುವುದು ಒಂದೇ ಸಮೀಕರಣ. ಗೊತ್ತಿಲ್ಲದವು ಎರಡು, r ಮತ್ತು g. ಹಾಗಾಗಿ 420 ಅನ್ನುವ ಬೆಲೆಯಿಂದ ಎರಡನ್ನೂ ತೆಗೆಯಲು ಯಾರಿಂದಲೂ ಆಗುವುದಿಲ್ಲ. ಅದು ಹೇಳುವುದು ಇವೆರಡರ ನಡುವಿನ ಅಂತರ, ನಮ್ಮ ಉದಾಹರಣೆಯಲ್ಲಿ ಸುಮಾರು 3.7. ಅಣ್ಣ ತಮ್ಮನಿಗಿಂತ ನಾಲ್ಕು ವರ್ಷ ದೊಡ್ಡವನು ಅಂತ ಮಾತ್ರ ಗೊತ್ತಿದ್ದರೆ ಯಾರ ವಯಸ್ಸನ್ನೂ ಹೇಳಲಾಗುವುದಿಲ್ಲ, ಒಬ್ಬನ ವಯಸ್ಸು ಬೇರೆ ಕಡೆಯಿಂದ ಗೊತ್ತಾಗಬೇಕು.

ಅದೇ 420ಕ್ಕೆ r ಬದಲಿಸಿ ನೋಡಿ. 10% ಸಾಕು ಅಂದರೆ g 6.37. 11 ಅಂದರೆ 7.33. 12 ಅಂದರೆ 8.30. 13 ಅಂದರೆ 9.27. r ಒಂದು ಮೆಟ್ಟಿಲು ಏರಿದರೆ g ಕೂಡ ಹೆಚ್ಚು ಕಡಿಮೆ ಒಂದು ಮೆಟ್ಟಿಲು ಏರುತ್ತದೆ. ಅಂದರೆ "ಮಾರುಕಟ್ಟೆ 8.3% ಬೆಳವಣಿಗೆ ನಿರೀಕ್ಷೆ ಮಾಡುತ್ತಿದೆ" ಅನ್ನುವ ವಾಕ್ಯ ಅರ್ಧ ಮಾತ್ರ. ಪೂರ್ತಿ ವಾಕ್ಯ ಹೀಗೆ: "ಈ ಬೆಲೆಯಲ್ಲಿ ಕೊಳ್ಳುವವರು 12% ಕೇಳುತ್ತಿದ್ದರೆ, ಅವರು 8.3% ಬೆಳವಣಿಗೆಯನ್ನು ನಂಬಿದ್ದಾರೆ." ಮೊದಲ ಭಾಗ ಬಿಟ್ಟು ಎರಡನೇ ಭಾಗ ಮಾತ್ರ ಹೇಳುವ ವರದಿ ಕಂಡರೆ ಅದರಲ್ಲಿ r ಎಷ್ಟು ಹಾಕಿದ್ದಾರೆ ಅಂತ ಮೊದಲು ಹುಡುಕಿ.

ಹಾಗಾಗಿ r ಅನ್ನು ಬೆಲೆಯಿಂದಲ್ಲ, ಹೊರಗಿನಿಂದ ತರಬೇಕು. ಸರ್ಕಾರದ 10 ವರ್ಷದ ಬಾಂಡ್ 6.5%ರ ಹತ್ತಿರ ಕೊಡುತ್ತಿದ್ದರೆ, ಅದರ ಮೇಲೆ ಷೇರಿನ ಅಪಾಯಕ್ಕೆ ಎಷ್ಟು ಜಾಸ್ತಿ ಕೇಳುತ್ತೀರಿ? ಐದು ಅಂದರೆ 11.5. ಐಟಿಸಿ ಅಷ್ಟೇನೂ ಏರುಪೇರಾಗದ ಷೇರು, ನಾಲ್ಕು ಸಾಕು ಅಂದರೆ 10.5. ಅಥವಾ g ಯನ್ನು ಹೊರಗಿನಿಂದ ತಂದು r ತೆಗೆಯಿರಿ. g 7% ಅಂತ ನಿಮಗೆ ನಂಬಿಕೆ ಇದ್ದರೆ ಮುಂದಿನ ವರ್ಷದ ಡಿವಿಡೆಂಡ್ 15.35, ಅದು 420ಕ್ಕೆ 3.66%, ಒಟ್ಟು r 10.66%. ನನಗೆ ಈ ದಾರಿಯೇ ಇಷ್ಟ. ಬೆಳವಣಿಗೆಯ ಬಗ್ಗೆ ಕಂಪನಿಯ ಪುಸ್ತಕ ನೋಡಿ ಏನಾದರೂ ಹೇಳಬಹುದು. ಆದರೆ ಲಕ್ಷಾಂತರ ಜನರ ಮನಸ್ಸಿನಲ್ಲಿ ಎಷ್ಟು ರಿಟರ್ನ್ ಬೇಕು ಅಂತಿದೆಯೋ ಅದನ್ನು ಯಾವ ಪುಸ್ತಕದಲ್ಲಿ ನೋಡುವುದು?

ಪಲ್ಲವಿ_ಸಿಎ_ಇಂಟರ್

ಓಹ್, ಹಾಗಾದರೆ ಪ್ರಶ್ನೆ ಪತ್ರಿಕೆಯಲ್ಲಿ ಯಾವಾಗಲೂ ಎರಡರಲ್ಲಿ ಒಂದು ಕೊಟ್ಟೇ ಇರುತ್ತಾರಲ್ಲ, ಅದಕ್ಕೇ.

ಮೇಡಂ, ಇನ್ನೊಂದು ಸಂಶಯ. ಈ ಮಾಡೆಲ್ ತುಂಬಾ ಸೂಕ್ಷ್ಮ, g ಸ್ವಲ್ಪ ಬದಲಾದರೂ ಬೆಲೆ ಎಲ್ಲಿಗೋ ಹೋಗುತ್ತದೆ ಅಂತ ನಮ್ಮ ಸರ್ ಹೇಳುತ್ತಾರೆ. ಉಲ್ಟಾ ಮಾಡಿದಾಗಲೂ ಅದೇ ತೊಂದರೆ ಇರುತ್ತದಾ?

ಲೆಕ್ಕದ_ಮನೆ

ಒಳ್ಳೇ ಪ್ರಶ್ನೆ. ಮುಂದಕ್ಕೆ ಹೋಗುವಾಗ ನಿಮ್ಮ ಸರ್ ಹೇಳಿದ್ದು ನಿಜ. r 12 ಇಟ್ಟು g 8.3ರ ಬದಲು 9.3 ಹಾಕಿದರೆ ಬೆಲೆ 581. 7.3 ಹಾಕಿದರೆ 328. ಆಚೆ ಈಚೆ ಒಂದೊಂದು ಪರ್ಸೆಂಟಿನ ಆಟಕ್ಕೆ ಇನ್ನೂರೈವತ್ತು ರೂಪಾಯಿ ಹೊಯ್ದಾಟ.

ಹಿಂದಕ್ಕೆ ಬರುವಾಗ ಇದೇ ಗುಣ ನಮಗೆ ಅನುಕೂಲ. ಬೆಲೆ 10% ಬಿದ್ದು 378 ಆಯಿತು ಅನ್ನಿ. g 8.30ರಿಂದ 7.90ಕ್ಕೆ ಇಳಿಯುತ್ತದೆ ಅಷ್ಟೇ. ಹಾಗಾಗಿ ನೀವು ಸೋಮವಾರದ ಬೆಲೆ ತಗೊಂಡಿರೋ ಗುರುವಾರದ್ದೋ ಅಂತ ಚಿಂತೆ ಮಾಡಬೇಕಿಲ್ಲ.

ಆದರೆ ಇದರಲ್ಲಿ ಒಂದು ಮೋಸ ಇದೆ. ಉತ್ತರ ಸ್ಥಿರವಾಗಿ ಕಾಣುತ್ತದೆ ಅಂತ ಅದನ್ನು ಬಳಸುವಾಗ ಉಡಾಫೆ ಮಾಡುತ್ತೇವೆ. "ಮಾರುಕಟ್ಟೆ 8.3 ಅನ್ನುತ್ತದೆ, ನಾನು 8 ಅನ್ನುತ್ತೇನೆ, ಹತ್ತಿರವೇ ಇದೆ, ಬೆಲೆ ಸರಿಯಾಗಿದೆ." ಹಾಗಲ್ಲ. 8 ಹಾಕಿ ಬೆಲೆ ಕಟ್ಟಿದರೆ 387. ಆ 0.3ರ ಒಳಗೆ 33 ರೂಪಾಯಿ ಕೂತಿದೆ.

ಜಯನಗರ_ನಾಲ್ಕನೇ_ಬ್ಲಾಕ್

ನಾನು ಇನ್ಫೋಸಿಸ್‌ಗೆ ಇದನ್ನು ಮಾಡಿ ನೋಡಿದೆ. 2023-24ಕ್ಕೆ 46 ರೂಪಾಯಿ, 2024-25ಕ್ಕೆ 43. ಡಿವಿಡೆಂಡ್ ಕಮ್ಮಿಯಾಗಿದೆ! ಆದರೆ 1,550 ಬೆಲೆ, 12% r ಹಾಕಿದರೆ g 8.98% ಬರುತ್ತದೆ. ಬೀಳುತ್ತಿರುವ ಡಿವಿಡೆಂಡ್‌ಗೆ ಮಾರುಕಟ್ಟೆ 9% ಬೆಳವಣಿಗೆ ಕೊಡುತ್ತಿದೆ ಅಂದರೆ ಈ ಮಾಡೆಲ್ ಐಟಿ ಕಂಪನಿಗಳಿಗೆ ಆಗಿಬರುವುದಿಲ್ಲ ಅಂತಲೇ ಅಲ್ವಾ?

ಲೆಕ್ಕದ_ಮನೆ

46ರಲ್ಲಿ 8 ರೂಪಾಯಿ ವಿಶೇಷ ಡಿವಿಡೆಂಡ್. 18 ಮಧ್ಯಂತರ, 20 ಅಂತಿಮ, ಮೇಲೆ 8 ವಿಶೇಷ. ಅದನ್ನು ತೆಗೆದರೆ 38ರಿಂದ 43ಕ್ಕೆ ಏರಿಕೆ. ಐಟಿಸಿಯಲ್ಲೂ ಇಂಥದ್ದೇ ಇದೆ, 2022-23ರ 15.50ರಲ್ಲಿ 2.75 ವಿಶೇಷದ್ದು. D0 ಹಾಕುವ ಮುಂಚೆ ಇದನ್ನು ಬಿಡಿಸಿ ನೋಡಲೇಬೇಕು. ಶಾಶ್ವತವಾಗಿ ಬೆಳೆಯುತ್ತಾ ಹೋಗುತ್ತದೆ ಅಂತ ನಂಬಬಹುದಾದ ಭಾಗ ಮಾತ್ರ D0.

ಇನ್ಫೋಸಿಸ್‌ನಲ್ಲಿ ನಿಜವಾದ ತೊಡಕು ಬೇರೆ. ಅವರು ದುಡ್ಡನ್ನು ಬೈಬ್ಯಾಕ್ ಮೂಲಕವೂ, ಅಂದರೆ ತಮ್ಮದೇ ಷೇರನ್ನು ವಾಪಸ್ ಕೊಂಡು, ಕೊಡುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ 18,000 ಕೋಟಿಯದ್ದು ಘೋಷಣೆ ಆಯಿತು, ಷೇರಿಗೆ 1,800ರಂತೆ. ಪ್ರತಿ ವರ್ಷ ಮಾಡುವುದಿಲ್ಲ, ಹಾಗಾಗಿ ಮೂರು ವರ್ಷಕ್ಕೆ ಹಂಚಿ ವರ್ಷಕ್ಕೆ 6,000 ಕೋಟಿ ಅಂತ ಇಟ್ಟುಕೊಳ್ಳೋಣ. ಸುಮಾರು 415 ಕೋಟಿ ಷೇರಿಗೆ ತಲಾ 14.50 ಆಗುತ್ತದೆ. 43ಕ್ಕೆ ಸೇರಿಸಿದರೆ 57.50. ಈಗ g 8.98 ಅಲ್ಲ, 7.99.

ಜಯನಗರ_ನಾಲ್ಕನೇ_ಬ್ಲಾಕ್

ಒಂದು ಪರ್ಸೆಂಟ್ ಹಾಗೇ ಮಾಯ ಆಯಿತಲ್ಲ. ಎರಡರಲ್ಲಿ ಯಾವುದು ನಿಜವಾದ g?

ಲೆಕ್ಕದ_ಮನೆ

ಎರಡೂ. ಆದರೆ ಎರಡು ಬೇರೆ ಬೇರೆ ಪ್ರಶ್ನೆಗೆ ಉತ್ತರ. ಬೈಬ್ಯಾಕ್ ಬಿಟ್ಟು ಬರೀ ಡಿವಿಡೆಂಡ್ ಹಾಕಿದರೆ ಸಿಗುವ g ಒಂದು ಷೇರಿಗೆ ಬರುವ ಡಿವಿಡೆಂಡ್‌ನ ಬೆಳವಣಿಗೆ. ಬೈಬ್ಯಾಕ್‌ನಿಂದ ಷೇರುಗಳ ಸಂಖ್ಯೆ ಕಮ್ಮಿಯಾಗುತ್ತದೆ, ಹಾಗಾಗಿ ಉಳಿದ ಷೇರಿನ ಪಾಲು ತಾನೇ ಏರುತ್ತದೆ, ಅದೂ ಇದರಲ್ಲಿ ಸೇರಿದೆ. ಬೈಬ್ಯಾಕ್ ಸೇರಿಸಿದರೆ ಸಿಗುವುದು ಕಂಪನಿ ಒಟ್ಟಾರೆ ಹಂಚುವ ದುಡ್ಡಿನ ಬೆಳವಣಿಗೆ. ವ್ಯಾಪಾರದ ಬೆಳವಣಿಗೆ ಜೊತೆ ಹೋಲಿಸಲು ಎರಡನೆಯದೇ ಸರಿ. ಬೈಬ್ಯಾಕನ್ನು ಡಿವಿಡೆಂಡ್ ಜೊತೆ ಕೂಡಿಸಿ, ಆಮೇಲೆ "ಷೇರು ಸಂಖ್ಯೆ ಕಮ್ಮಿಯಾಗುವುದರಿಂದ ಇನ್ನೂ ಒಂದು ಪರ್ಸೆಂಟ್" ಅಂತ ಮತ್ತೆ ಸೇರಿಸಿದರೆ ಒಂದೇ ದುಡ್ಡನ್ನು ಎರಡು ಸಲ ಎಣಿಸಿದ ಹಾಗಾಗುತ್ತದೆ. ಕೆಲಸದಲ್ಲಿ ಈ ಎಡವಟ್ಟನ್ನು ತುಂಬಾ ನೋಡಿದ್ದೇನೆ.

ಹುಬ್ಬಳ್ಳಿ_ಮಂದಿ

ನಂದೂ ಒಂದ ಕೇಳ್ತೀನಿ. ಎಂಆರ್‌ಎಫ್ ಹಾಕಿ ನೋಡ್ರಿ. ಒಂದ ಷೇರಿಗೆ 1,40,000 ಅನ್ರಿ, 2024-25ಕ್ಕ ಡಿವಿಡೆಂಡ್ 235. ನಂಗ g 11.81% ಬಂತು. ಟೈರ್ ಕಂಪನಿ ಜನ್ಮಪೂರ್ತಿ 11.8% ಬೆಳೀತೈತೇನ್ರಿ?

ಲೆಕ್ಕದ_ಮನೆ

ಲೆಕ್ಕ ಸರಿ, ಆದರೆ ಅದು ಎಂಆರ್‌ಎಫ್ ಬಗ್ಗೆ ಏನೂ ಹೇಳುತ್ತಿಲ್ಲ. ಡಿವಿಡೆಂಡ್ ಯೀಲ್ಡ್, ಅಂದರೆ ಬೆಲೆಯಲ್ಲಿ ಡಿವಿಡೆಂಡ್‌ನ ಪಾಲು, 0.17% ಮಾತ್ರ. ನೀವು 12 ಹಾಕಿದಿರಿ, ಅದು 11.8 ಅಂದಿತು. 15 ಹಾಕಿ, 14.8 ಅನ್ನುತ್ತದೆ. ನೀವು ಹೇಳಿದ್ದನ್ನೇ ವಾಪಸ್ ಹೇಳುತ್ತಿದೆ. ಲಾಭದ ಬಹುಪಾಲನ್ನು ಕಂಪನಿ ಹಂಚದೆ ಒಳಗೇ ಹಾಕುತ್ತಿರುವಾಗ ಈಗಿನ ಡಿವಿಡೆಂಡ್ ಮುಂದಿನದರ ಸುಳಿವೇ ಅಲ್ಲ. ಡಿವಿಡೆಂಡೇ ಕೊಡದ ಹೊಸ ಆ್ಯಪ್ ಕಂಪನಿಗಳಲ್ಲಂತೂ D0 ಸೊನ್ನೆ, g ಮತ್ತು r ಒಂದೇ ಆಗಿಬಿಡುತ್ತವೆ. ಲಾಭದ ದೊಡ್ಡ ಪಾಲನ್ನು ವರ್ಷ ವರ್ಷ ಹಂಚುವ ಕಂಪನಿಗೆ ಮಾತ್ರ ಈ ಆಟ ಆಡಿ.

ದಾವಣಗೆರೆ_ಬೆಣ್ಣೆ

ಸರಿ, ಐಟಿಸಿ ಹಂಚುತ್ತದೆ. ಹಾಗಾದರೆ 8.3 ಜಾಸ್ತಿಯೋ ಕಮ್ಮಿಯೋ ಅಂತ ಹೇಗೆ ಹೇಳುವುದು? ನನ್ನ ಪ್ರಕಾರ ಕಮ್ಮಿ. ದೇಶದ ಜಿಡಿಪಿ 2024-25ರಲ್ಲಿ ಬೆಲೆಯೇರಿಕೆ ಸೇರಿಸಿ 10%ರ ಹತ್ತಿರ ಬೆಳೆಯಿತು. ಸಿಗರೇಟು, ಬಿಸ್ಕತ್ತು, ಹಿಟ್ಟು ಮಾರುವ ಕಂಪನಿ ಅಷ್ಟೂ ಬೆಳೆಯುವುದಿಲ್ಲವಾ?

ಲೆಕ್ಕದ_ಮನೆ

ಜಿಡಿಪಿ ಜೊತೆ ಹೋಲಿಸಿದ್ದು ಸರಿಯಾದ ದಾರಿ, ಅರ್ಧಕ್ಕೆ ನಿಲ್ಲಿಸಬೇಡಿ. ಈ g ಐದು ವರ್ಷದ್ದಲ್ಲ, ಶಾಶ್ವತದ್ದು. ದೇಶಕ್ಕಿಂತ ಜೋರಾಗಿ ಸದಾಕಾಲ ಬೆಳೆದರೆ ಒಂದು ದಿನ ಕಂಪನಿಯೇ ದೇಶಕ್ಕಿಂತ ದೊಡ್ಡದಾಗುತ್ತದೆ. ಹಾಗಾಗಿ ಜಿಡಿಪಿ ಮೇಲಿನ ಮಿತಿ. ಆ 10% ಕೂಡ ಶಾಶ್ವತ ಅಲ್ಲ, ದೇಶ ಶ್ರೀಮಂತವಾದಂತೆ ಇಳಿಯುತ್ತದೆ. ಕೆಲವರು ಸರ್ಕಾರಿ ಬಾಂಡ್‌ನ ದರವನ್ನೇ ಮಿತಿ ಮಾಡಿಕೊಳ್ಳುತ್ತಾರೆ, ಹಾಗೆ ನೋಡಿದರೆ 8.3 ಜಾಸ್ತಿ.

ಎರಡನೇ ಪರೀಕ್ಷೆ ಕಂಪನಿಯ ಒಳಗಿಂದ. ಐಟಿಸಿ ಲಾಭದಲ್ಲಿ ಸುಮಾರು 85% ಹಂಚಿ 15% ಉಳಿಸಿಕೊಳ್ಳುತ್ತದೆ ಅನ್ನಿ, ಕೆಲವು ವರ್ಷ ಇನ್ನೂ ಜಾಸ್ತಿ ಹಂಚುತ್ತದೆ. ಬಂಡವಾಳದ ಮೇಲೆ ಸುಮಾರು 28% ಲಾಭ ಗಳಿಸುತ್ತದೆ. ಉಳಿಸಿಕೊಂಡ 15%ರ ಮೇಲೆ 28% ಗಳಿಸಿದರೆ ಬೆಳವಣಿಗೆ 4.2%. ಬೆಲೆ ಕೇಳುತ್ತಿರುವುದು 8.3. ಅಷ್ಟು ಬರಬೇಕಾದರೆ ಹೊಸದಾಗಿ ಹಾಕಿದ ದುಡ್ಡಿನ ಮೇಲೆ 55% ಗಳಿಸಬೇಕು.

ಪಲ್ಲವಿ_ಸಿಎ_ಇಂಟರ್

ಅಬ್ಬಾ! ಇದು ನಮ್ಮ ಪುಸ್ತಕದಲ್ಲೂ ಇದೆ, g = b × r ಅಂತ, b ಅಂದರೆ ಉಳಿಸಿಕೊಂಡ ಪಾಲು. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ತೋರಿಸಿರಲಿಲ್ಲ. ಅಲ್ಲಿ r ಅಂದರೆ ಕಂಪನಿ ಗಳಿಸುವ ದರ, ಇಲ್ಲಿ r ಅಂದರೆ ನಾವು ಕೇಳುವ ದರ. ಒಂದೇ ಅಕ್ಷರ ಬಳಸಿ ತಲೆ ತಿನ್ನುತ್ತಾರೆ.

ಹಾಗಾದರೆ 4.2 ಹಾಕಿ r ತೆಗೆದರೆ ಎಷ್ಟು? ಮಾಡಿ ನೋಡಿದೆ: 14.35ನ್ನು 1.042ರಿಂದ ಗುಣಿಸಿದರೆ 14.95, 420ಕ್ಕೆ ಅದು 3.56%, ಒಟ್ಟು 7.76%. ಸರ್ಕಾರಿ ಬಾಂಡ್‌ಗಿಂತ ಬರೀ ಒಂದೂಕಾಲು ಜಾಸ್ತಿ! ಇಷ್ಟಕ್ಕೆ ಯಾರು ಷೇರು ಕೊಳ್ಳುತ್ತಾರೆ?

ಜಯನಗರ_ನಾಲ್ಕನೇ_ಬ್ಲಾಕ್

ಕೊಳ್ಳುವುದಿಲ್ಲ. ಅದಕ್ಕೇ 4.2 ತಪ್ಪು. ಸಿಗರೇಟು ವ್ಯಾಪಾರದಲ್ಲಿ ಬೆಲೆ ಏರಿಸಲು ಹೊಸ ಕಾರ್ಖಾನೆ ಬೇಕಿಲ್ಲ. ಪ್ಯಾಕಿನ ಮೇಲೆ ಬೆಲೆ ಬದಲಿಸಿದರೆ ಲಾಭ ಏರುತ್ತದೆ, ಒಂದು ಪೈಸೆ ಬಂಡವಾಳ ಬೇಕಿಲ್ಲ. ಹಣದುಬ್ಬರದಷ್ಟು ಬೆಳವಣಿಗೆ ಪುಕ್ಕಟೆ ಬರುತ್ತದೆ. 4.2ರ ಮೇಲೆ ನಾಲ್ಕು ಸೇರಿಸಿ, 8.2. ಮಾರುಕಟ್ಟೆ ಹೇಳಿದ್ದೂ ಅದೇ. ಬೆಲೆ ಸರಿಯಾಗೇ ಇದೆ.

ಲೆಕ್ಕದ_ಮನೆ

ಹತ್ತಿರ ಬಂದಿರಿ, ಆದರೆ ಅಷ್ಟು ಸಲೀಸಾಗಿ ಕೂಡಿಸಲು ನಾನು ಒಪ್ಪುವುದಿಲ್ಲ. ಆ 28% ಗಳಿಕೆಯಲ್ಲಿ ಬೆಲೆ ಏರಿಸಿದ್ದರ ಲಾಭ ಸ್ವಲ್ಪ ಆಗಲೇ ಸೇರಿದೆ, ಹಳೇ ಕಾರ್ಖಾನೆ ಹಳೇ ಬೆಲೆಯಲ್ಲೇ ಪುಸ್ತಕದಲ್ಲಿದೆ. ಅದನ್ನು ಮತ್ತೆ ನಾಲ್ಕು ಅಂತ ಕೂಡಿಸಿದರೆ ಒಂದಷ್ಟು ಎರಡು ಸಲ ಬರುತ್ತದೆ. ಇನ್ನು ಆ ಪುಕ್ಕಟೆ ಏರಿಕೆಯಲ್ಲಿ ಸರ್ಕಾರ ತನ್ನ ಪಾಲು ಕೇಳುತ್ತದೆ. ಸಿಗರೇಟಿನ ತೆರಿಗೆ ಏರಿದ ವರ್ಷ ಬೆಲೆ ಏರಿಸುವ ಜಾಗವನ್ನು ತೆರಿಗೆಯೇ ತಿಂದುಬಿಡುತ್ತದೆ. ಮೇಲಾಗಿ, ಬಿಸ್ಕತ್ತು, ಹಿಟ್ಟು, ಪೇಪರ್ ಕಡೆ ಹಾಕಿದ ದುಡ್ಡಿನ ಮೇಲೆ 28% ಬರುವುದಿಲ್ಲ, ಆ 28ನ್ನು ಎಳೆಯುತ್ತಿರುವುದು ಸಿಗರೇಟು.

ನನ್ನ ಅಂದಾಜು g 6 ಮತ್ತು 7.5ರ ನಡುವೆ. ಅದನ್ನು ಹಾಕಿದರೆ r 9.6ರಿಂದ 11.2ರವರೆಗೆ ಬರುತ್ತದೆ. ಅಂದರೆ ಆ ಬೆಲೆಯಲ್ಲಿ ಕೊಂಡವರು 12% ಅಲ್ಲ, ಹತ್ತೂವರೆಯ ಸುತ್ತಮುತ್ತ ಒಪ್ಪಿಕೊಂಡು ಕೊಂಡಿದ್ದಾರೆ ಅಂತ ನಾನು ಓದುತ್ತೇನೆ.

ಜಯನಗರ_ನಾಲ್ಕನೇ_ಬ್ಲಾಕ್

ಎರಡು ಸಲ ಎಣಿಕೆ ಅನ್ನುವುದನ್ನು ಒಪ್ಪುತ್ತೇನೆ, ಆದರೆ ಎಷ್ಟು ಅಂತ ನೀವೂ ಹೇಳಲಿಲ್ಲ. 7.5ರಲ್ಲೇ ಯಾಕೆ ನಿಲ್ಲಿಸಿದಿರಿ? 8.3 ಯಾಕಲ್ಲ? ಹಂಚುವ ಪಾಲು ಸ್ಥಿರವಾದ ಮೇಲಿನ ಐದು ವರ್ಷದ 7.2 ನೋಡಿ ಅಲ್ಲಿಗೇ ಕಟ್ಟಿಹಾಕಿಕೊಂಡ ಹಾಗಿದೆ. ಆ ಐದು ವರ್ಷದಲ್ಲಿ ಕೋವಿಡ್ ಇತ್ತು.

ಲೆಕ್ಕದ_ಮನೆ

7.2 ನನ್ನ ತಲೆಯಲ್ಲಿದೆ, ಹೌದು. ಕೋವಿಡ್ ಇತ್ತು, ಹೌದು. ಆದರೆ ಸಿಗರೇಟಿನ ಮೇಲೆ ತೆರಿಗೆ ದೊಡ್ಡದಾಗಿ ಏರದ ವರ್ಷಗಳೂ ಅದರಲ್ಲಿದ್ದವು. ಒಂದನ್ನು ತೆಗೆದರೆ ಇನ್ನೊಂದನ್ನೂ ತೆಗೆಯಿರಿ. ಇದರ ಮೇಲೆ ನಾವಿಬ್ಬರೂ ಒಪ್ಪುವುದು ಕಷ್ಟ ಅನ್ನಿಸುತ್ತದೆ.

ದಾವಣಗೆರೆ_ಬೆಣ್ಣೆ

ಅಲ್ಲ ಮೇಡಂ, ಶಾಶ್ವತ ಶಾಶ್ವತ ಅಂತ ಯಾಕೆ? ಮೊದಲ ಐದು ವರ್ಷ ಜೋರಾಗಿ ಬೆಳೆಯಲಿ, 10% ಅನ್ನಿ, ಆಮೇಲೆ ಕಮ್ಮಿಯಾಗಲಿ. ಆಗ ಕೊನೆಯ g ತುಂಬಾ ಕೆಳಗೆ ಬರುತ್ತದಲ್ಲ? ಆಗ ಎಲ್ಲರಿಗೂ ಸಮಾಧಾನ.

ಲೆಕ್ಕದ_ಮನೆ

ಮಾಡಿ ನೋಡೋಣ, ಒಳ್ಳೇ ಯೋಚನೆಯೇ. r 12%. ಐದು ವರ್ಷ 10% ಬೆಳೆದ ಡಿವಿಡೆಂಡ್‌ಗಳ ಇವತ್ತಿನ ಬೆಲೆ ಒಟ್ಟು 68 ರೂಪಾಯಿ. 420ರಲ್ಲಿ ಉಳಿಯುವುದು 352. ಅಷ್ಟೂ ಐದನೇ ವರ್ಷದ ನಂತರದ್ದು. ಆ 352ಕ್ಕೆ ಬೇಕಾದ ಶಾಶ್ವತ g ಬಿಡಿಸಿದರೆ 7.98%.

8.30ರಿಂದ 7.98ಕ್ಕೆ ಬಂತು ಅಷ್ಟೇ. ಐದು ವರ್ಷ ಜೋರಾಗಿ ಓಡಿದರೂ ಕೊನೆಯ g ಮೇಲಿನ ಹೊರೆ ಇಳಿಯಲಿಲ್ಲ, ಯಾಕಂದರೆ ಬೆಲೆಯ ನೂರಕ್ಕೆ 84 ಭಾಗ ಆ ಐದು ವರ್ಷದ ಆಚೆ ಇದೆ. ಇಪ್ಪತ್ತು ವರ್ಷ 10% ಅಂದರೆ ಬೇರೆ ಕಥೆ, ಆದರೆ ಅಷ್ಟು ದೂರದ್ದನ್ನು ಹೇಳುವ ಧೈರ್ಯ ನನಗಿಲ್ಲ.

ಪಲ್ಲವಿ_ಸಿಎ_ಇಂಟರ್

ಇದನ್ನು ಎಕ್ಸೆಲ್‌ನಲ್ಲಿ ಹಾಕಿಟ್ಟುಕೊಳ್ಳುತ್ತೇನೆ. B1ರಲ್ಲಿ ಬೆಲೆ, B2ರಲ್ಲಿ ವಿಶೇಷ ಡಿವಿಡೆಂಡ್ ತೆಗೆದ D0, B3ರಲ್ಲಿ r, B5ರಲ್ಲಿ ಹಂಚುವ ಪಾಲು:

```
B4:  =(B1*B3-B2)/(B1+B2)
B6:  =B4/(1-B5)
```

B6ರಲ್ಲಿ ಬರುವುದು ಮೇಡಂ ಹೇಳಿದ ಆ 55%, ಅಂದರೆ ಹೊಸ ದುಡ್ಡಿನ ಮೇಲೆ ಕಂಪನಿ ಎಷ್ಟು ಗಳಿಸಬೇಕು ಅಂತ. ಸರಿ ಇದೆಯಾ?

ಲೆಕ್ಕದ_ಮನೆ

ಸರಿ ಇದೆ. B3 ಒಂದೇ ಸಂಖ್ಯೆ ಇಡಬೇಡಿ, 10, 11, 12 ಮೂರು ಸಾಲು ಮಾಡಿ ಪಕ್ಕಪಕ್ಕ ನೋಡಿ. B1ಗೆ ಬೆಲೆ ಹಾಕುವಾಗ ಬೋನಸ್, ಸ್ಪ್ಲಿಟ್, ಡಿಮರ್ಜರ್ ಆಗಿದೆಯಾ ಅಂತಲೂ ನೋಡಿಕೊಳ್ಳಿ. ಐಟಿಸಿಯಿಂದ ಹೋಟೆಲ್ ವ್ಯಾಪಾರ 2025ರ ಜನವರಿಯಲ್ಲಿ ಬೇರೆಯಾಯಿತು, ಅದಕ್ಕೂ ಮುಂಚಿನ ಬೆಲೆಯಲ್ಲಿ ಹೋಟೆಲೂ ಸೇರಿದೆ.

ನಿವೃತ್ತ_ಮೇಷ್ಟ್ರು

ಆ ಹೋಟೆಲ್ ಷೇರು ನನಗೂ ಬಂದಿದೆ, ಹತ್ತಕ್ಕೆ ಒಂದರಂತೆ 60. ಅದರ ಡಿವಿಡೆಂಡ್ ಇಲ್ಲಿ ಸೇರಿಸಬೇಕೇ?

ಲೆಕ್ಕದ_ಮನೆ

ಬೇಡ ಮೇಷ್ಟ್ರೇ. ಅದು ಈಗ ಬೇರೆ ಷೇರು, ಅದರ ಬೆಲೆಗೆ ಅದರದ್ದೇ ಲೆಕ್ಕ.

ಹುಬ್ಬಳ್ಳಿ_ಮಂದಿ

ಯಾರರ ಕೋಲ್ ಇಂಡಿಯಾದ್ದು ಮಾಡಿ ಹಾಕ್ರಿ. ಯೀಲ್ಡ್ ಭಾಳ ಐತಿ ಅಲ್ಲಿ, g ಎಷ್ಟ ಬರತೈತಿ ನೋಡೂನು. ನನ್ನ ಲೆಕ್ಕದಾಗ ಐದರ ಸಮೀಪ ಬರಾಕತ್ತೈತಿ, ಕಲ್ಲಿದ್ದಲಿಗೆ ಅದೂ ಜಾಸ್ತಿ ಅನಸ್ತೈತಿ ನಂಗ.